ಒಂದು ವರ್ಷ ಆಚೀಚೆಯಾದ ಎನ್‌ಪಿವಿ: ನಾಲ್ಕು ಲೆಕ್ಕಗಳು

ಬಿ.ಕಾಂ ಹುಡುಗರಿಗೆ ಕೊಡುವ ಲೆಕ್ಕಗಳಿವು. ಡಿಸ್ಕೌಂಟ್ ದರ ಎಲ್ಲದಕ್ಕೂ 12%. ಫ್ಯಾಕ್ಟರ್‌ಗಳು 1ರಿಂದ 5ನೇ ವರ್ಷದವರೆಗೆ: 0.8929, 0.7972, 0.7118, 0.6355, 0.5674.

ಲೆಕ್ಕ 1. ಸಾಗರದ ಕಡೆಯ ಬೆಳೆಗಾರರೊಬ್ಬರು ಅಡಿಕೆ ಸುಲಿಯುವ ಯಂತ್ರಕ್ಕೆ ಇವತ್ತು ₹5,00,000 ಹಾಕಬೇಕು. ನಾಲ್ಕು ವರ್ಷ, ಪ್ರತಿ ವರ್ಷದ ಕೊನೆಗೆ ₹1,60,000 ಉಳಿಯುತ್ತೆ. ಆಮೇಲೆ ಯಂತ್ರಕ್ಕೆ ಬೆಲೆಯಿಲ್ಲ. ವಿದ್ಯಾರ್ಥಿ ಬರೆದದ್ದು:

```
1,60,000 × (1 + 0.8929 + 0.7972 + 0.7118) = 5,44,304
NPV = 5,44,304 − 5,00,000 = +44,304
```

"ಕೊಳ್ಳಬಹುದು" ಅಂತ ಕೆಳಗೆ ಗೆರೆ ಬೇರೆ ಎಳೆದಿದ್ದಾನೆ. ತಪ್ಪೆಲ್ಲಿ?

*ಉತ್ತರ:* ಮೊದಲ ದುಡ್ಡು ಕೈಗೆ ಬರುವುದು ವರ್ಷ ಕಳೆದ ಮೇಲೆ. ಅದನ್ನು ಇವತ್ತೇ ಬಂದ ಹಾಗೆ 1ರಿಂದ ಗುಣಿಸಿಬಿಟ್ಟ, ಅಲ್ಲಿಂದ ಮುಂದಿನದ್ದೆಲ್ಲ ಒಂದೊಂದು ವರ್ಷ ಹಿಂದಕ್ಕೆ ಜಾರಿತು. ಸರಿಯಾದ ಮೊತ್ತ 1,60,000 × 3.0374 = 4,85,984. ಎನ್‌ಪಿವಿ −14,016. ಕೊಳ್ಳಬಾರದು.

ಲೆಕ್ಕ 2. ಯಂತ್ರ ಅದೇ. ಆದರೆ ಬೆಳೆಗಾರರು ಅದನ್ನು ಬಾಡಿಗೆಗೆ ಬಿಡುತ್ತಾರೆ, ₹1,60,000 ಬಾಡಿಗೆ ಪ್ರತಿ ವರ್ಷದ ಶುರುವಿನಲ್ಲೇ ಮುಂಗಡ, ಮೊದಲನೆಯದು ಯಂತ್ರ ಕೊಂಡ ದಿನವೇ. ಮೇಲಿನ ಲೆಕ್ಕದಲ್ಲಿ ಬೈಸಿಕೊಂಡವನು ಈ ಸಲ ಹುಷಾರಾಗಿ 0.8929ರಿಂದ ಶುರು ಮಾಡಿ −14,016 ತಂದು "ಬೇಡ" ಎಂದ. ಸರಿಯೇ?

*ಉತ್ತರ:* ತಪ್ಪು. ಇಲ್ಲಿ +44,304 ಸರಿ, ಕೊಳ್ಳಬಹುದು. ಹುಡುಗರು ಜಾಸ್ತಿ ಎಡವುವುದು ಇಲ್ಲೇ, ಯಾಕೆಂದರೆ ಸುಮ್ನೆ ಸೂತ್ರ ಬಾಯಿಪಾಠ ಮಾಡಿರ್ತಾರೆ, 'ಶುರುವಿನಲ್ಲಿ' ಅನ್ನೋ ಒಂದು ಪದ ಕಣ್ಣಿಗೇ ಬೀಳೋದಿಲ್ಲ.

ಲೆಕ್ಕ 3. ಲೆಕ್ಕ 1ನ್ನೇ ಎಕ್ಸೆಲ್‌ನಲ್ಲಿ ಹಾಕಿ. B2ನಲ್ಲಿ −500000, B3ರಿಂದ B6ರವರೆಗೆ 160000.

```
=NPV(12%,B2:B6)
```

−12,522 ಬರುತ್ತೆ. ತಪ್ಪೇನು? ತೀರ್ಮಾನ ಬದಲಾಯಿತೇ?

*ಉತ್ತರ:* ಎಕ್ಸೆಲ್ ಮೊದಲ ಮೊತ್ತವನ್ನೂ ಒಂದು ವರ್ಷದ ನಂತರದ್ದು ಅಂತ ತಿಳಿಯುತ್ತೆ. ಹಾಗಾಗಿ ಇವತ್ತಿನ ಖರ್ಚಿಗೂ ಡಿಸ್ಕೌಂಟ್ ಬಿತ್ತು. ತೀರ್ಮಾನ ಮಾತ್ರ ಅದೇ: ಖರ್ಚು, ಆದಾಯ ಎರಡೂ 1.12ರಿಂದ ಭಾಗವಾದರೆ ಉತ್ತರದ ಗಾತ್ರ ಕುಗ್ಗುತ್ತೆ, ಚಿಹ್ನೆ ಬದಲಾಗಲ್ಲ. ಲೆಕ್ಕ 1ರಲ್ಲಿ ಖರ್ಚು ಇದ್ದಲ್ಲೇ ಇತ್ತು, ಆದಾಯವಷ್ಟೇ ಜಾರಿತ್ತು, ಅದಕ್ಕೇ ಅಲ್ಲಿ ತೀರ್ಮಾನ ತಲೆಕೆಳಗಾಯಿತು. ಸರಿಯಾದದ್ದು:

```
=NPV(12%,B3:B6)+B2
```

ಇದಕ್ಕೆ −14,024 ಬರುತ್ತೆ. 8 ರೂಪಾಯಿ ವ್ಯತ್ಯಾಸ ಫ್ಯಾಕ್ಟರ್‌ಗಳನ್ನು ನಾಲ್ಕು ದಶಮಾಂಶಕ್ಕೆ ನಿಲ್ಲಿಸಿದ್ದರಿಂದ, ಗಾಬರಿ ಬೇಡ.

ಲೆಕ್ಕ 4. ಲೆಕ್ಕ 1ರ ಯಂತ್ರವನ್ನು 4ನೇ ವರ್ಷದ ಕೊನೆಗೆ ಗುಜರಿಗೆ ಹಾಕಿದರೆ ₹24,000 ಸಿಗುತ್ತೆ ಅಂದುಕೊಳ್ಳಿ. "ಕೆಲಸ ಮುಗಿದ ಮೇಲೆ ತಾನೇ ಮಾರೋದು" ಅಂತ ಒಬ್ಬಳು ಅದನ್ನು 5ನೇ ವರ್ಷಕ್ಕೆ ಬರೆದಳು.

*ಉತ್ತರ:* ಅವಳಿಗೆ ಗುಜರಿಯಿಂದ 13,618, ಎನ್‌ಪಿವಿ −398, ಬೇಡ. ಸರಿಯಾಗಿ 0.6355 ಹಿಡಿದರೆ 15,252, ಎನ್‌ಪಿವಿ +1,236, ಕೊಳ್ಳಬಹುದು. ಡಿಸೆಂಬರ್ 31ಕ್ಕೂ ಜನವರಿ 1ಕ್ಕೂ ಒಂದೇ ರಾತ್ರಿ ಅಂತರ, ಆದರೆ ಅವಳು ಹಾಕಿದ್ದು ಇಡೀ ವರ್ಷದ ಡಿಸ್ಕೌಂಟ್.