ಈ ಸಲ ಕಣ್ಣಾರೆ ನೋಡಿದೆ

ಸ್ವಲ್ಪ ತಡೀರಿ. ಚಾಕು ಅಲ್ಲೇ ಇರಲಿ.
ಮೇಣದಬತ್ತಿ ಆಮೇಲೆ ಹಚ್ಚೋಣ.
ದುರ್ಗದಿಂದ ಬಂದ ಬೀಗರೇ, ನಮ್ಮ ಓಣಿಯ ಅಕ್ಕಂದಿರೇ, ತಮ್ಮಂದಿರೇ,
ಬೆಳಿಗ್ಗೆಯಿಂದ ಬಲೂನು ಊದಿ ಕೆನ್ನೆ ನೋಯಿಸಿಕೊಂಡ ಹುಡುಗರೇ,
ಒಂದು ಹತ್ತು ನಿಮಿಷ ನನಗೆ ಕೊಡಿ.
ಪದ್ಯ ಬರೆದಿದ್ದೇನೆ.
ಇವಳಿಗೆ ಈಗ ಅರ್ಥವಾಗುವುದಿಲ್ಲ, ಗೊತ್ತು.
ಆದರೂ ಇವಳ ಮುಂದೆಯೇ ಓದಬೇಕು.
ನಾಳೆ ಯಾರೂ ಇವಳಿಗೆ
"ನಿಮ್ಮಜ್ಜ ಏನೋ ಓದಿದ್ದರಂತೆ" ಅನ್ನಬಾರದು.
"ನೀನೂ ಇದ್ದೆ, ಅಮ್ಮನ ತೊಡೆ ಮೇಲೆ ಕೂತು ಕೇಳಿದ್ದೆ" ಅನ್ನಬೇಕು.

ಪುಟ್ಟವ್ವ,
ಹೋದ ವರ್ಷ ಸಂಕ್ರಾಂತಿ ಆಗಷ್ಟೇ ಮುಗಿದಿತ್ತು.
ಎಳ್ಳುಬೆಲ್ಲದ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ.
ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದಿತ್ತು.
1933ರಲ್ಲಿ ಒಮ್ಮೆ, 2022ರಲ್ಲಿ ಒಮ್ಮೆ,
ಆಮೇಲೆ 2025ರ ಜನವರಿಯಲ್ಲಿ, ನೀನು ಹುಟ್ಟಿದ ತಿಂಗಳು.
ನಿನ್ನ ದುರ್ಗದ ತಾತ ಕೋಡಿ ನೋಡಲು ಹೋದವರು
ಅಲ್ಲಿಂದಲೇ ಫೋನು ಮಾಡಿ ನೀರಿನ ಸದ್ದು ಕೇಳಿಸಿದರು.
ಎರಡು ದಿನ ಬಿಟ್ಟು ನಾನು ಅವರಿಗೆ ಫೋನು ಮಾಡಿ
ನಿನ್ನ ಅಳು ಕೇಳಿಸಿದೆ.
ಅವರು ಮಾತಾಡಲಿಲ್ಲ. ಬಹಳ ಹೊತ್ತು ಮಾತಾಡಲಿಲ್ಲ.
ಬೀಗರೇ, ಆವತ್ತು ಅಲ್ಲಿ ನೀವು ಅತ್ತಿರಿ.
ಇಲ್ಲಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನೂ ಅತ್ತೆ.

ಅಜ್ಜಿಯ ಹಳೆಯ ಸೀರೆ, ಒಗೆದು ಒಗೆದು ಮೆತ್ತಗಾದದ್ದು.
ಅದರ ತುಂಡಿನಲ್ಲಿ ನಿನ್ನನ್ನು ಸುತ್ತಿ ನನ್ನ ಕೈಗೆ ಕೊಟ್ಟರು.
ಕಣ್ಣು ಮುಚ್ಚಿದ್ದೆ. ಹಣೆ ಗಂಟಿಕ್ಕಿದ್ದೆ.
ಒಂದು ಕಿವಿ ಮಡಚಿತ್ತು.
ನಾನು ಅದನ್ನು ಬೆರಳ ತುದಿಯಿಂದ ಬಿಡಿಸಿದೆ.
ನಿನಗೆ ನಾನು ಮಾಡಿದ ಮೊದಲ ಕೆಲಸ ಅದು.

ಈಗ ಒಂದು ಹಳೆಯ ಮಾತು ಹೇಳಬೇಕು.
ಈ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು, ಪುಟ್ಟವ್ವ.
ಹತ್ತಿ ಮಿಲ್ಲುಗಳ ಊರು. ನಾನೂ ಒಂದು ಮಿಲ್ಲಿನಲ್ಲಿದ್ದೆ.
ರಾತ್ರಿ ಪಾಳಿಯ ಸೈರನ್ ಕೂಗಿದರೆ
ತುತ್ತು ಬಾಯಲ್ಲಿರುವಾಗಲೇ ಸೈಕಲ್ ಹತ್ತುತ್ತಿದ್ದೆ.
ಆ ಕೂಗು ನನಗೆ "ಬಾ" ಅಂದಂತೆ ಕೇಳುತ್ತಿತ್ತು.
ಉದ್ದಕ್ಕೆ, ಉಸಿರು ಬಿಡದೆ, ಬಾ ಅಂತ.
ಹೋಗದಿದ್ದರೆ ಹಾಜರಿ ಇಲ್ಲ.
ಹಾಜರಿ ಇಲ್ಲದಿದ್ದರೆ ಅಕ್ಕಿ ಇಲ್ಲ.

ಆಗ ನಿನ್ನಮ್ಮ ಹುಟ್ಟಿದಳು.
ನಾನು ಹೊರಡುವಾಗ ಮಲಗಿರುತ್ತಿದ್ದಳು.
ಹುಬ್ಬಿನಲ್ಲೆಲ್ಲ ಹತ್ತಿ ಅಂಟಿಸಿಕೊಂಡು ನಾನು ಬಂದಾಗ
ಮತ್ತೆ ಮಲಗಿರುತ್ತಿದ್ದಳು.
ಅವಳು ಎದ್ದು ಆಡುವ ಹೊತ್ತಿಗೆ
ನನಗೆ ನಿದ್ದೆ.
ನಡುವೆ ಏನಾಯಿತೋ ಅದನ್ನೆಲ್ಲ ನಿನ್ನಜ್ಜಿ ಹೇಳಬೇಕು.
ಅದನ್ನೇ ನಾನು ಮಿಲ್ಲಿನಲ್ಲಿ ಗೆಳೆಯರಿಗೆ ಹೇಳುತ್ತಿದ್ದೆ,
ಯಂತ್ರದ ಸದ್ದಿಗೆ ಕಿವಿಗೇ ಬಾಯಿ ಇಟ್ಟು:
ನನ್ನ ಮಗಳು ನಕ್ಕಳಂತೆ.
ನನ್ನ ಮಗಳು ಮಗುಚಿಕೊಂಡಳಂತೆ.
ಹಲ್ಲು ಬಂತಂತೆ. ಹೊಸ್ತಿಲು ದಾಟಿದಳಂತೆ.
ನಡೆದಳಂತೆ.
ಮೊದಲ ಹುಟ್ಟುಹಬ್ಬಕ್ಕೆ ಆರತಿ ಮಾಡಿದರಂತೆ,
ಶಾವಿಗೆ ಪಾಯಸ ಮಾಡಿದರಂತೆ.
ಡಬ್ಬಿಯಲ್ಲಿ ನನ್ನ ಪಾಲು ಇಟ್ಟಿದ್ದರು.
ಬೆಳಗಿನ ಜಾವ ಒಬ್ಬನೇ ಕೂತು ತಿಂದೆ.
ತಣ್ಣಗಿತ್ತು.

ಮಗಳೇ, ಇದನ್ನು ನಿನಗೆ ಇಷ್ಟು ವರ್ಷ ಹೇಳಿರಲಿಲ್ಲ.
ನಿನ್ನ ಮೊದಲ ವರ್ಷ ನನಗೆ ಬರೀ "ಅಂತೆ".
ಆಮೇಲೆ ಮಿಲ್ಲು ನಿಂತಿತು. ಸೈರನ್ನೂ ನಿಂತಿತು.
ಮಂಡಕ್ಕಿ ಅಂಗಡಿ ಇಟ್ಟೆ, ನೀನು ಓದಿದೆ, ದೊಡ್ಡವಳಾದೆ.
ಹೋದ ವರ್ಷ ಚೊಚ್ಚಲ ಬಾಣಂತನಕ್ಕೆ
ದುರ್ಗದಿಂದ ಈ ಮನೆಗೆ ಬಂದೆ.
ನೀನು ಬರುವಾಗ ನನಗೊಂದು ವರ್ಷ ವಾಪಸು ತಂದೆ.

ಪುಟ್ಟವ್ವ, ಈಗ ನಿನ್ನ ಲೆಕ್ಕ ಹೇಳುತ್ತೇನೆ ಕೇಳು.
ಇದರಲ್ಲಿ ಒಂದು "ಅಂತೆ"ಯೂ ಇಲ್ಲ.

ನಿನ್ನ ಮುಷ್ಟಿ ಯಾವಾಗಲೂ ಬಿಗಿ.
ಬಾಣಂತಿ ಕೋಣೆ, ಧೂಪದ ಹೊಗೆ, ಬಜೆಯ ವಾಸನೆ,
ಅಜ್ಜಿ ನಿನಗೆ ಎಣ್ಣೆ ಹಚ್ಚಿ ನೀರು ಹಾಕಿ ತಂದಿದ್ದಳು.
"ಕೈ ಒರೆಸಿ" ಅಂದಳು.
ನಾನು ಬೆರಳು ಒಂದೊಂದೇ ಬಿಡಿಸಿದೆ.
ಕಿರುಬೆರಳು ಮೊದಲು. ಹೆಬ್ಬೆರಳು ಕೊನೆಗೆ.
ಅಂಗೈಯ ಗೆರೆಯೊಳಗೆ ಏನೋ ಬೆಳ್ಳಗೆ ಇತ್ತು.
ಬೆಳಕಿಗೆ ಹಿಡಿದು ನೋಡಿದೆ.
ಹತ್ತಿ. ಬಟ್ಟೆಯಿಂದ ಬಿಟ್ಟ ಹತ್ತಿಯ ಎಳೆ,
ಸುತ್ತಿ ಸುತ್ತಿ ಸಾಸಿವೆಯಷ್ಟು ಉಂಡೆಯಾಗಿತ್ತು.
ಎಲ್ಲ ಕೂಸುಗಳ ಮುಷ್ಟಿಯಲ್ಲೂ ಇರುತ್ತದೆ ಅಂದಳು ಅಜ್ಜಿ.
ಇರಬಹುದು. ನಾನು ನೋಡಿದ್ದು ಅದೇ ಮೊದಲು.
ನನ್ನ ಈ ಬೆರಳುಗಳ ಕೆಲಸವೇ ಅದಾಗಿತ್ತು.
ಓಡುವ ಯಂತ್ರದಲ್ಲಿ ಹರಿದ ಎಳೆ ಹುಡುಕಬೇಕು,
ಹುಡುಕಿ, ಹೊಸೆದು, ಮತ್ತೆ ಕೂಡಿಸಬೇಕು.
ಎಷ್ಟು ಸಾವಿರ ಎಳೆಯೋ, ಲೆಕ್ಕವಿಲ್ಲ.
ಎಲ್ಲ ಯಾರ ಯಾರ ಬಟ್ಟೆಯಾಗಿ ಹೋದವು.
ಈ ಒಂದು ಎಳೆ ಮಾತ್ರ ನನ್ನ ಹತ್ತಿರ ಇದೆ.
ಕನ್ನಡಕದ ಡಬ್ಬಿಯಲ್ಲಿ, ಕಾಗದದಲ್ಲಿ ಮಡಚಿ ಇಟ್ಟಿದ್ದೇನೆ.
ಮದುವೆ ವಯಸ್ಸಿಗೆ ಬಂದಾಗ ಕೇಳು, ತೋರಿಸುತ್ತೇನೆ.

ನಿನ್ನ ತೊಟ್ಟಿಲ ಸರಪಳಿ ರಾತ್ರಿ ಕಿರ್ ಅನ್ನುತ್ತಿತ್ತು.
ಎಣ್ಣೆ ಬಿಟ್ಟೆ. ಸುಮ್ಮನಾಯಿತು.
ಸುಮ್ಮನಾದರೆ ನಿನಗೆ ನಿದ್ದೆಯೇ ಬರಲಿಲ್ಲ.
ಅಜ್ಜಿ ಹಾಡು ಕಟ್ಟಿದಳು, ಅಲ್ಲೇ, ನಿಂತ ಹಾಗೇ:

ನಾಲೆ ನೀರು ಮಲಗೈತೆ,
ನಾಟಿ ಗದ್ದೆ ಮಲಗೈತೆ,
ಗಡಿಯಾರ ಕಂಬದ ಮುಳ್ಳೆರಡೂ
ಒಂದರ ಮ್ಯಾಲೊಂದು ಮಲಗ್ಯಾವೆ,
ನೀನೊಬ್ಬಳ್ಯಾಕೆ ಎದ್ದೀಯೆ,
ನನ ಕೂಸೇ, ಜೋ.

ಹನ್ನೆರಡು ಹೊಡೆಯುವ ಹೊತ್ತು ಅದು.
ಹಿಂದೆ ಆ ಹೊತ್ತಿಗೆ ನಾನು ಮಿಲ್ಲಿನಲ್ಲಿ ಇರುತ್ತಿದ್ದೆ.
ಈ ಸಲ ತೊಟ್ಟಿಲ ಹಗ್ಗ ಹಿಡಿದು ಕೂತಿದ್ದೆ.
ರಾತ್ರಿಗೆ ಇಷ್ಟು ಒಳ್ಳೆಯ ಕೆಲಸ ಇರುತ್ತದೆ ಅಂತ
ಆಗ ಗೊತ್ತಾಯಿತು ನನಗೆ.

ನೀನು ನಕ್ಕೆ. ನಾನು ನೋಡಿದೆ.
ಯುಗಾದಿಯ ಮಾವಿನ ತೋರಣ ಗಾಳಿಗೆ ಅಲ್ಲಾಡಿತು,
ಅದನ್ನು ನೋಡಿ ನಕ್ಕೆ.
ಮಗುಚಿಕೊಂಡೆ. ನೋಡಿದೆ.
ಕೈ ಒಂದು ಕೆಳಗೆ ಸಿಕ್ಕಿಹಾಕಿಕೊಂಡು ಕಿರುಚಿದ್ದನ್ನೂ ನೋಡಿದೆ.

ಮಳೆಗಾಲ ಹಿಡಿಯಿತು. ಐದು ತಿಂಗಳು ತುಂಬಿತು.
ಬೀಗರು ಬಂದರು. ಅಜ್ಜಿ ನಿನ್ನಮ್ಮನಿಗೆ ಮಡಿಲು ತುಂಬಿದಳು.
ನಿನ್ನ ಕುಲಾವಿ, ಗಿಲಕಿ, ಹರಳೆಣ್ಣೆ ಸೀಸೆ,
ಎಲ್ಲ ಕಾರಿಗೆ ಇಟ್ಟೆ.
ನಿಮ್ಮನ್ನು ಕಳಿಸಿ ಒಳಗೆ ಬಂದೆ.
ಜಂತಿಯಲ್ಲಿ ತೊಟ್ಟಿಲ ಕೊಕ್ಕೆ ಮಾತ್ರ ಇತ್ತು.
ಅದನ್ನು ಇನ್ನೂ ತೆಗೆದಿಲ್ಲ. ತೆಗೆಯುವುದೂ ಇಲ್ಲ.

ಆಮೇಲೆ ನೀನೇ ಕರೆದೆ.
ನಿನಗೆ ಬಂದ ಮೊದಲ ಮಾತು "ಬಾ".
ಕಾಗೆಗೆ ಬಾ. ಹಸುವಿಗೆ ಬಾ. ಬಸ್ಸಿಗೂ ಬಾ.
ವಿಡಿಯೋ ಕಾಲ್‌ನಲ್ಲಿ ಗಾಜಿಗೆ ಮೂಗು ಒತ್ತಿ
ನನಗೂ ಅಂದೆ, "ಬಾ."
ಆ ಮಾತನ್ನು ನಾನು ಎಷ್ಟೋ ವರ್ಷ ಕೇಳಿದ್ದೇನೆ, ಪುಟ್ಟವ್ವ.
ಮನೆ ಬಿಟ್ಟು ಬಾ ಅಂತ ಕೇಳಿದ್ದೇನೆ.
ಮನೆಗೆ ಬಾ ಅಂದವಳು ನೀನು.
ಮಾರನೇ ದಿನವೇ ಬಸ್ ಹತ್ತಿದೆ.
ಆನಗೋಡು ಬಂತು, ಭರಮಸಾಗರ ಬಂತು,
ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವುದು ಕಂಡರೆ
ದುರ್ಗ ಬಂದ ಹಾಗೇ.
ನಿಮ್ಮ ಮನೆಯ ಗೇಟು ತೆಗೆದರೆ
ನೀನು ಬಾಗಿಲಿಗೆ ಅಂಬೆಗಾಲಿಟ್ಟು ಬರುವ ಸದ್ದು,
ಕಾಲ್ಗೆಜ್ಜೆ ನೆಲಕ್ಕೆ ಉಜ್ಜುವ ಸದ್ದು.

ಬೀಗಿತಿಯವರೇ, ಆವತ್ತು ನೀವು ನನಗೆ ಕಾಫಿ ಕೊಡಲಿಲ್ಲ.
ಮೊದಲು ಕೂಸನ್ನು ಕೊಟ್ಟಿರಿ.
ಅದನ್ನು ನಾನು ಮರೆಯುವುದಿಲ್ಲ.

ಒಂದು ಸಂಜೆ ನಿನ್ನ ತಾತ, ನಾನು
ಸರದಿಯಲ್ಲಿ ಎತ್ತಿಕೊಂಡು ನಿನ್ನನ್ನು ಕೋಟೆ ಹತ್ತಿಸಿದೆವು.
ಬಿಸಿಲು ಕುಡಿದ ಬಂಡೆ ಇನ್ನೂ ಬೆಚ್ಚಗಿತ್ತು.
ನೀನು ಅಂಗೈ ಊರಿ, ಕೆನ್ನೆ ಊರಿ,
ಬಂಡೆಗೂ "ಬಾ" ಅಂದೆ.
ಓಬವ್ವನ ಕಿಂಡಿಯ ಹತ್ತಿರ ನಿಂತೆವು.
ನಿನ್ನ ತಾತ ಕಥೆ ಶುರು ಮಾಡಿದರು.
ನಾನೇ ತಡೆದೆ. ಈಗ ಬೇಡ ಬೀಗರೇ ಅಂದೆ.
ಇವಳಿಗೆ "ಆಮೇಲೆ?" ಅಂತ ಕೇಳಲು ಬರಲಿ.
ಒನಕೆಯ ಕಥೆಯನ್ನು ಆಗ ಇಬ್ಬರೂ ಸೇರಿ ಹೇಳೋಣ.
ಊಟಕ್ಕೆ ಕೂತ ಗಂಡನ ಪಾಲು ನಾನು ಹೇಳುತ್ತೇನೆ,
ನೀರಿಗೆ ಹೋದ ಓಬವ್ವನ ಪಾಲು ಅವರು ಹೇಳಲಿ.
ಅವರು ದುರ್ಗದವರು, ಅದು ಅವರ ಹಕ್ಕು.

ಹನ್ನೊಂದನೇ ತಿಂಗಳಲ್ಲಿ
ನನ್ನ ತಟ್ಟೆಯ ಬೆಣ್ಣೆ ದೋಸೆಗೆ ಕೈ ಹಾಕಿದೆ.
ನಡುವಿನ ಮೆತ್ತನೆ ಚೂರು ಕೊಟ್ಟೆ.
ಕಣ್ಣು ಮುಚ್ಚಿ ಚಪ್ಪರಿಸಿದೆ.
ಹುಟ್ಟಿದೂರಿನ ರುಚಿ ಸಿಕ್ಕಿತು, ಅಲ್ವಾ?

ಈಗ ಮೊನ್ನೆಯದು. ಇದನ್ನು ಹೇಳಲಿಕ್ಕೇ ಈ ಪದ್ಯ.

ಹಬ್ಬಕ್ಕೆ ನೀವು ಇಲ್ಲಿಗೆ ಬಂದಿದ್ದಿರಿ.
ಹಬ್ಬದ ಮಾರನೇ ದಿನ, ಶುಕ್ರವಾರ, ಸಂಜೆ.
ಅಜ್ಜಿ ಒಲೆಯ ಮುಂದೆ. ಅಪ್ಪ ಪೇಟೆಗೆ.
ಅಮ್ಮ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು.
ನಡುಮನೆಯಲ್ಲಿ ನೀನು, ನಾನು.
ಮಂಡಕ್ಕಿ ಚೀಲ ಹಿಡಿದು ನೀನು ನಿಂತಿದ್ದೆ.
ಚೀಲ ಬರ್ ಬರ್ ಅನ್ನುತ್ತಿತ್ತು ನಿನ್ನ ಕೈಯಲ್ಲಿ.
ಕೈ ಬಿಟ್ಟೆ.
ನನ್ನ ಕಡೆ ನೋಡಿದೆ.
ಒಂದು.
ಎರಡು.
ಕೈ ಎರಡೂ ಮೇಲೆ, ಬಾಯಿ ತೆರೆದು, ಮೂರು.
ನಾಲ್ಕನೆಯದಕ್ಕೆ ನನ್ನ ಮೊಣಕಾಲು ಸಿಕ್ಕಿತು.

ನನಗೆ ದನಿ ಬರಲಿಲ್ಲ. ಆಮೇಲೆ ಕೂಗಿದೆ, "ನಡೆದಳು!"
ಬಚ್ಚಲಿಂದ ನಿನ್ನಮ್ಮ ಕೇಳಿದಳು, "ನಡೆದಳಂತಾ?"
ಆ ಮಾತು ನನ್ನ ಎದೆಗೆ ಬಿತ್ತು, ಪುಟ್ಟವ್ವ.
ಅಯ್ಯೋ, ನನ್ನ ಮಗಳಿಗೂ "ಅಂತೆ" ಆಯಿತಲ್ಲ ಅಂದುಕೊಂಡೆ.
ಅವಳು ಒದ್ದೆ ಕೂದಲಲ್ಲೇ ಓಡಿ ಬಂದು
ಬಾಗಿಲ ಹತ್ತಿರ ಕುಕ್ಕರಗಾಲಲ್ಲಿ ಕೂತಳು.
ಕೂದಲಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.
ಕೈ ಚಾಚಿದಳು. ಕರೆಯಲಿಲ್ಲ.
ನೀನೇ ಅವಳಿಗೆ "ಬಾ" ಅಂದೆ.
ಅಂದು, ಅವಳು ಬರುವುದಕ್ಕೆ ಕಾಯದೆ
ನನ್ನ ಮೊಣಕಾಲು ಬಿಟ್ಟು ನೀನೇ ಹೊರಟೆ.
ಐದು ಹೆಜ್ಜೆ. ಒಂದು ಜಾಸ್ತಿ.
ಅಮ್ಮನ ಪಾಲಿಗೆ "ಅಂತೆ" ಉಳಿಸಲಿಲ್ಲ ನೀನು.

ಮೂವತ್ತು ವರ್ಷದ ಹಿಂದೆ
ಇದೇ ನಡುಮನೆಯಲ್ಲಿ ಒಂದು ಕೂಸು ನಡೆದಿತ್ತು.
ಆ ಕೂಸು ನಿನ್ನನ್ನು ಅಪ್ಪಿಕೊಂಡದ್ದನ್ನು
ನಾನು ಇಲ್ಲೇ ಕೂತು ನೋಡಿದೆ.
ಎರಡನ್ನೂ ನೋಡಿದ ಹಾಗಾಯಿತು.

ಸಾಕು. ಹುಡುಗರು ಕೇಕ್ ಕಡೆಯೇ ನೋಡುತ್ತಿದ್ದಾರೆ.
ಅಜ್ಜಿ, ನೀನು ಒಳಗೆ ಏನೂ ಮಾಡಬೇಡ, ಬಾ, ಇಲ್ಲಿ ನಿಲ್ಲು.
ಬೀಗರೇ, ನೀವು ಈ ಕಡೆ.
ಅಳಿಯಂದಿರೇ, ಕೂಸಿನ ಕೈ ಹಿಡಿದುಕೊಳ್ಳಿ.
ಮಗಳೇ, ಇವಳನ್ನು ನೆಲಕ್ಕೆ ಬಿಡು,
ಮೇಜಿನ ತನಕ ತಾನೇ ಬರಲಿ.
ಪಾಯಸವೂ ಇದೆ, ಶಾವಿಗೆಯದು,
ಒಲೆಯ ಮೇಲೇ ಇಡಲು ಹೇಳಿದ್ದೇನೆ. ಬಿಸಿಯಾಗಿ ತಿನ್ನೋಣ.
ಬತ್ತಿ ಹಚ್ಚಿ.

ನೋಡಿ, ಬೆಳಕಿಗೂ ಕರೆಯುತ್ತಿದ್ದಾಳೆ.
ಕೇಳಿದಿರಾ? ಬಾ.

ಬಂದೆ, ಪುಟ್ಟವ್ವ. ಬಂದೆ.