ಮೊದಲ ಮಳೆಯ ಕೊಳೆ ನೀರಿಗೆ ನಿಮ್ಮ ಮನೆಯಲ್ಲಿ ಏನು ಮಾಡಿದ್ದೀರಿ?

2024ರ ಬೇಸಿಗೆ ನೆನಪಿದೆ ಅಲ್ವಾ? ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಬೋರ್‌ವೆಲ್ ಬತ್ತಿ, ಜನ ಟ್ಯಾಂಕರ್‌ಗಾಗಿ ದಾರಿ ಕಾಯುತ್ತಿದ್ದರು. ಇದೇ ಊರಿನಲ್ಲಿ ವರ್ಷಕ್ಕೆ ಸರಾಸರಿ 900 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ. ಒಂದು ಚದರ ಮೀಟರ್ ತಾರಸಿ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ತಾರಸಿ 80 ಚದರ ಮೀಟರ್ ಇದೆ. ಸಂಜೆ 20 ಮಿ.ಮೀ. ಮಳೆ ಹೊಯ್ದರೆ 1,600 ಲೀಟರ್ ಆಯಿತು. ನೆನೆದು ಹೋಗುವುದು, ಚೆಲ್ಲಿ ಹೋಗುವುದು ಎಲ್ಲ ಕಳೆದರೂ 1,200ಕ್ಕೆ ಮೋಸವಿಲ್ಲ. ಇಷ್ಟು ನೀರು ಸುಮ್ನೆ ಚರಂಡಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಳೆನೀರು ಕೊಯ್ಲು ಕಡ್ಡಾಯ ಅಂತ ಜಲಮಂಡಳಿ ಕಾನೂನಿಗೆ 2009ರಲ್ಲೇ ತಿದ್ದುಪಡಿ ಬಂದಿದೆ. ಆದರೆ ಪೈಪ್ ಜೋಡಿಸಿದರೆ ಕೆಲಸ ಮುಗಿಯಲ್ಲ. ನಿಜವಾದ ತಲೆನೋವು ಮೊದಲ ಮಳೆಯದು.

ಬೇಸಿಗೆಯಿಡೀ ತಾರಸಿ ಮೇಲೆ ಕೂತ ಧೂಳು, ಒಣಗಿದ ಎಲೆ, ಪಾರಿವಾಳದ ಹಿಕ್ಕೆ ಎಲ್ಲ ಆ ನೀರಿನ ಜೊತೆ ಇಳಿದು ಬರುತ್ತದೆ. ಬಣ್ಣ ನೋಡಿದರೆ ಥೇಟ್ ಡಿಕಾಕ್ಷನ್. ಅದು ಸಂಪ್‌ಗೆ ಹೋಗಲೇಬಾರದು. ಜಲ್ಲಿ, ಮರಳು, ಇದ್ದಿಲು ಹಾಕಿದ ಫಿಲ್ಟರ್‌ಗೆ ಬಿಟ್ಟರೂ ಅದು ಬೇಗ ಕಟ್ಟಿಕೊಳ್ಳುತ್ತದೆ. ನಮ್ಮಲ್ಲಿ ಇಳಿಪೈಪ್‌ನ ಬುಡಕ್ಕೆ T ಆಕಾರದ ಜೋಡುತುಂಡು ಹಾಕಿ ಒಂದು ಮುಚ್ಚಳ ಕೂರಿಸಿದ್ದೇವೆ. ಮಳೆ ಶುರುವಾದಾಗ ಅದನ್ನು ಬಿಚ್ಚಿ ಕೊಳೆ ನೀರನ್ನು ಹೊರಗೆ ಬಿಟ್ಟು, ನೀರು ತಿಳಿಯಾದ ಮೇಲೆ ಮುಚ್ಚುತ್ತೇವೆ. ಮನೆಯಲ್ಲಿ ಯಾರಾದರೂ ಇದ್ದರೆ ಸರಿ. ಎಲ್ಲರೂ ಕೆಲಸಕ್ಕೆ ಹೋದಾಗ ಮಧ್ಯಾಹ್ನ ಮೂರಕ್ಕೆ ಮಳೆ ಬಂದರೆ ಯಾರು ಬಿಚ್ಚಬೇಕು?

ಮೊದಲ ನೀರು ತಾನಾಗಿಯೇ ತುಂಬಿಕೊಳ್ಳುವ ಹಾಗೆ ಪಕ್ಕದಲ್ಲಿ ಇನ್ನೊಂದು ಪೈಪ್ ನಿಲ್ಲಿಸಿ ಅಂತ ಪ್ಲಂಬರ್ ಹೇಳುತ್ತಾರೆ. ಉಪಾಯ ಒಳ್ಳೆಯದೇ. ಆದರೆ ನಾಲ್ಕಿಂಚಿನ ಪೈಪ್‌ನಲ್ಲಿ ಒಂದು ಮೀಟರ್‌ಗೆ ಹಿಡಿಯುವುದು ಸುಮಾರು 8 ಲೀಟರ್ ಮಾತ್ರ. ನಮ್ಮ ತಾರಸಿಯ ಮೊದಲ ಒಂದು ಮಿ.ಮೀ. ನೀರೇ 80 ಲೀಟರ್. ಅಂದರೆ ಹತ್ತು ಮೀಟರ್ ಪೈಪ್ ಬೇಕು! ಅದರ ಬದಲು ಬುಡಕ್ಕೆ ನಲ್ಲಿ ಇರುವ ಡ್ರಮ್ಮೇ ವಾಸಿ ಅನ್ನಿಸುತ್ತದೆ. ಆದರೆ ಸೊಳ್ಳೆ ಆಗದ ಹಾಗೆ ಅದು ನಿಧಾನಕ್ಕೆ ತಾನೇ ಖಾಲಿಯಾಗಬೇಕು.

ಈ ಮಳೆಗಾಲಕ್ಕೆ ಮುಂಚೆ ಇದನ್ನು ಮಾಡಿಸಬೇಕು, ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಡ್ರಮ್ ಇಟ್ಟಿದ್ದೀರೋ, ಪೈಪ್ ನಿಲ್ಲಿಸಿದ್ದೀರೋ, ಕೈಯಲ್ಲೇ ಬಿಚ್ಚುತ್ತೀರೋ? ತಾರಸಿ ಎಷ್ಟು ದೊಡ್ಡದು, ಎಷ್ಟು ಲೀಟರ್ ಹೊರಗೆ ಬಿಟ್ಟ ಮೇಲೆ ನೀರು ತಿಳಿಯಾಯಿತು ಅಂತ ಕೆಳಗೆ ಬರೆಯಿರಿ. ಮಾಡಿಸಿ ಕೈಬಿಟ್ಟವರಿದ್ದರೆ ಎಲ್ಲಿ ಕೆಟ್ಟಿತು ಅನ್ನುವುದನ್ನು ದಯವಿಟ್ಟು ಹೇಳಿ, ನನಗೆ ಅದೇ ಹೆಚ್ಚು ಬೇಕಾಗಿರುವುದು. ಮಲೆನಾಡು, ಕರಾವಳಿಯ ಹೆಂಚಿನ ಮನೆಯವರು ಮಾಡಿನ ಅಂಚಿಗೆ ದೋಣಿ ಕಟ್ಟಿ ನೀರು ಹಿಡಿಯುತ್ತೀರಲ್ಲ, ನೀವು ಮೊದಲ ನೀರನ್ನು ಎಷ್ಟು ದಿನ ಬಿಡುತ್ತೀರಿ?