ಗಣರಾಜ್ಯೋತ್ಸವ: ಮುಖ್ಯ ಅತಿಥಿಗಳ ಪರಿಚಯ

ವೇದಿಕೆ ಮೇಲಿರುವ ಹಿರಿಯರೇ, ಪಾಲಕರೇ, ಬಿಸಿಲಲ್ಲೂ ಸಾಲು ಮುರಿಯದೆ ಕೂತಿರುವ ಮಕ್ಕಳೇ, ಎಲ್ಲರಿಗೂ ಗಣರಾಜ್ಯೋತ್ಸವದ ಶುಭಾಶಯಗಳು.

ಮುಖ್ಯ ಅತಿಥಿಗಳನ್ನು ಪರಿಚಯಿಸುವ ಕೆಲಸ ನನಗೆ ಬಂದಿದೆ. ಬಯೋಡೇಟಾ ಕಳಿಸಿ ಅಂತ ಕೇಳಿದ್ದೆವು. ಮಗನ ಕೈಲಿ ಬರೆಸಿ ವಾಟ್ಸಾಪ್ ಮಾಡಿಸಿದರು. "ಹೆಸರು ಶಾಂತವ್ವ. ತವರು ಕುಂದಗೋಳ ತಾಲೂಕು. ಓದು ಏಳನೇ ಇಯತ್ತೆ. ಕೆಲಸ ಹೊಲಿಗೆ. ಈಗ ನಿವೃತ್ತಿ." ಮುಗೀತು. ಏನು ಹೊಲಿಯುತ್ತಿದ್ದರು ಅನ್ನೋದನ್ನೇ ಬಿಟ್ಟಿದ್ದಾರೆ ನೋಡಿ!

ಅವರು ಹೊಲಿಯುತ್ತಿದ್ದದ್ದು ರಾಷ್ಟ್ರಧ್ವಜ.

ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆಯಲ್ಲ, 1957ರದು, ಅಲ್ಲಿನ ಧ್ವಜಕ್ಕೆ 2006ರಲ್ಲಿ ಸರಕಿನ ಗುಣಮಟ್ಟ ನೋಡುವ ಕೇಂದ್ರ ಸಂಸ್ಥೆ ಬಿಐಎಸ್‌ನ ಮಾನ್ಯತೆ ಸಿಕ್ಕಿತು. ಆ ಹೊಸದರಲ್ಲೇ ಶಾಂತಕ್ಕ ಕೆಲಸಕ್ಕೆ ಸೇರಿದರು. ಬೆಳಿಗ್ಗೆ ರೊಟ್ಟಿ ಬಡಿದು, ಮಕ್ಕಳನ್ನು ಸಾಲಿಗೆ ಕಳಿಸಿ, ಹೊಲಿಗೆ ಮಷಿನ್ ಮುಂದೆ ಕೂರುತ್ತಿದ್ದರು. ಆ ಮಕ್ಕಳು ಓದಿದ್ದು ಇದೇ ಶಾಲೆಯಲ್ಲಿ. ಹಾಗಾಗಿ ಅವರು ನಮಗೆ ಹೊಸಬರೇನಲ್ಲ.

ಮೂರು ಪಟ್ಟಿ ಜೋಡಿಸೋದರಲ್ಲಿ ಏನು ಮಹಾ ಅಂತ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು, ಮೊನ್ನೆ ಅವರ ಮನೆಗೆ ಹೋಗೋವರೆಗೆ. ಮೂರು ಪಟ್ಟಿಯ ಅಗಲ ಒಂದೇ ಇರಬೇಕು. ಇಡೀ ಧ್ವಜದ ಉದ್ದ ಮೂರು ಪಾಲಾದರೆ ಅಗಲ ಎರಡು ಪಾಲು, ಅದು ತಪ್ಪೋ ಹಾಗಿಲ್ಲ. ಚಕ್ರವನ್ನು ಬಿಳಿ ಪಟ್ಟಿಯ ಎರಡೂ ಬದಿಗೆ ಅಚ್ಚು ಹಾಕುತ್ತಾರೆ. ಈ ಕಡೆಯ 24 ಗೆರೆಯ ಹಿಂದೆ ಆ ಕಡೆಯ 24 ಗೆರೆ ಸರಿಯಾಗಿ ಕೂರಬೇಕು. "ಹೊಲಿಗಿ ಒಂಚೂರು ಸೊಟ್ಟ ಆದ್ರೂ ಬಿಚ್ಚೂದರೀ, ಮತ್ತ ಹಾಕೂದರೀ" ಅಂದರು. ಹೇಳುವಾಗ ಬೆರಳು ಟೀಪಾಯ್ ಬಟ್ಟೆಯ ಅಂಚಿನ ಮೇಲೆ ಹೊಲಿಗೆಯ ದಾರಿ ಹಿಡಿದೇ ಹೋಗುತ್ತಿತ್ತು!

ಧ್ವಜಕ್ಕೆ ಒಂಬತ್ತು ಅಳತೆ ಇವೆ. ಚಿಕ್ಕದು ಆರು ಇಂಚು ಉದ್ದ, ಮೇಜಿನ ಮೇಲೆ ಇಡುವಂಥದ್ದು. ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಎಂಟನೇ ತರಗತಿಯವರೇ, ಅದನ್ನು ನಿಮ್ಮ ಕೋಣೆಯಲ್ಲಿ ಬಿಡಿಸಿದರೆ ಬೆಂಚೆಲ್ಲ ಹೊರಗೆ ಹಾಕಬೇಕಾಗುತ್ತದೆ. ದೊಡ್ಡದು ಹೊಲಿಯೋದು ಕಷ್ಟ ಅಲ್ವಾ ಅಂತ ಕೇಳಿದೆ. ಇಲ್ಲವಂತೆ. ಕಣ್ಣು ಬೇಡೋದು ಚಿಕ್ಕದೇ ಜಾಸ್ತಿ ಅಂತೆ. ಇದು ನನಗೆ ಹೊಳೆದೇ ಇರಲಿಲ್ಲ.

ಪ್ರಶಸ್ತಿ ಪಟ್ಟಿ ಓದಲು ನನ್ನ ಹತ್ತಿರ ಏನೂ ಇಲ್ಲ. ಪ್ರತಿ ವರ್ಷ ಅತಿಥಿಗಳಿಂದ ಧ್ವಜ ಹಾರಿಸುತ್ತೇವೆ. ಈ ಸಲ ಅದನ್ನು ಹೊಲಿಯುತ್ತಿದ್ದ ಕೈಯೇ ಹಗ್ಗ ಎಳೆಯಲಿ ಅಂತ ಶಿಕ್ಷಕರೆಲ್ಲ ಸೇರಿ ಅಂದುಕೊಂಡೆವು.

ಶಾಂತಕ್ಕ, "ನನಗ ಭಾಷಣ ಬರಂಗಿಲ್ಲರೀ ಟೀಚರ್" ಅಂತ ನೀವು ಮೂರು ಸಲ ಹೇಳಿದ್ದೀರಿ. ಭಾಷಣ ಬೇಡವೇ ಬೇಡ. ಹುಡುಗರು ಪ್ರಶ್ನೆ ಬರೆದುಕೊಂಡು ಬಂದಿದ್ದಾರೆ, ಕೂತಲ್ಲೇ ಉತ್ತರ ಹೇಳಿ ಸಾಕು. ಅದಕ್ಕೂ ಮೊದಲು ನಮ್ಮ ಮುಖ್ಯೋಪಾಧ್ಯಾಯರು ಶಾಲು ಹೊದಿಸಿ ಪುಸ್ತಕ ಕೊಟ್ಟು ನಿಮ್ಮನ್ನು ಗೌರವಿಸಬೇಕು ಅಂತ ಕೇಳಿಕೊಳ್ಳುತ್ತೇನೆ. ಮಕ್ಕಳೇ, ಚಪ್ಪಾಳೆ ಜೋರಾಗಿ ಬರಲಿ.